ಹಲ್ಲು ಕೀಳುವ ಬದಲು ಬರೆದ ಪತ್ರ

ಯಾದಗಿರಿಯಲ್ಲಿ ನನ್ನದೊಂದು ಸಣ್ಣ ದಂತ ಕ್ಲಿನಿಕ್ ಇದೆ. ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಶಹಾಪುರ ಕಡೆಯ ಒಬ್ಬ ಯುವ ರೈತರು ಬಂದರು. ಇಪ್ಪತ್ತಾರು ವಯಸ್ಸು. ಎಡಗಡೆ ಕೆಳದವಡೆಯ ಕೊನೆಯಲ್ಲಿ ಸ್ವಲ್ಪ ಬಾವು, ಆಗಾಗ ಬಾಯಲ್ಲಿ ಉಪ್ಪುಪ್ಪು ನೀರು ಬಂದಂತಾಗುತ್ತದೆ ಎಂದರು. ನೋವು ಮಾತ್ರ ಇಲ್ಲ. ಬಾಯಿ ತೆರೆಸಿ ನೋಡಿದರೆ ಆ ಕಡೆಯ ಬುದ್ಧಿಹಲ್ಲು ಹೊರಗೆ ಬಂದೇ ಇರಲಿಲ್ಲ.

ಓಪಿಜಿ ತೆಗೆಸಿದೆ. ಎರಡೂ ದವಡೆ ಪೂರ್ತಿ ಕಾಣುವ ಎಕ್ಸ್‌ರೇ ಅದು. ಬುದ್ಧಿಹಲ್ಲು ಎಲುಬಿನ ತಳಕ್ಕೆ ಹೋಗಿ ಮಲಗಿತ್ತು. ಅದರ ತಲೆಯ ಸುತ್ತ ಸುಮಾರು 4 ಸೆಂಟಿಮೀಟರಿನ ಕಪ್ಪು ಜಾಗ, ಅಂಚಿನಲ್ಲಿ ತೆಳ್ಳಗಿನ ಬಿಳಿ ಗೆರೆ. ನರ ಹೋಗುವ ಕೊಳವೆ ಕೆಳಗೆ ಒತ್ತಿಕೊಂಡಿತ್ತು. ಎಲುಬಿನೊಳಗೆ ನೀರಿನ ಚೀಲ ಬೆಳೆದರೆ ಹೀಗೆ ಕಾಣುತ್ತದೆ.

ಪಕ್ಕದ ದವಡೆಹಲ್ಲು ಸತ್ತಿದ್ದರೂ ಬೇರಿನ ಬಳಿ ಇಂಥ ಚೀಲ ಬೆಳೆಯಬಹುದು. ಅದಕ್ಕೆ ಹತ್ತಿಗೆ ತಣ್ಣನೆಯ ಸ್ಪ್ರೇ ಹೊಡೆದು ಆ ಹಲ್ಲಿಗೆ ತಾಗಿಸಿದೆ. ಅವರು ಕೂಡಲೇ ಕೈ ಎತ್ತಿದರು. ಹಲ್ಲು ಜೀವಂತ ಇದೆ. ಹಾಗಾಗಿ ರೂಟ್ ಕೆನಾಲ್ ಮಾಡಿ ವಾಸಿ ಮಾಡುವ ಜಾತಿಯದಲ್ಲ ಇದು ಎಂದು ನನಗೆ ಅನಿಸಿತು.

ಕಲಬುರಗಿಗೆ ಹೋಗಿ ಓರಲ್ ಸರ್ಜನ್ ಹತ್ತಿರ ತೋರಿಸಬೇಕು ಎಂದೆ.

"ಹಲ್ಲ ಕಿತ್ತಿ ಬಿಡ್ರಿ ಮೇಡಂ. ಅದಕ್ಕ ಕಲಬುರ್ಗಿಗಿ ಯಾಕ ಹೋಗ್ಬೇಕ್ರಿ? ನೋವಂತೂ ಇಲ್ಲ. ರಾಶಿ ಮುಗಿದ ಮ್ಯಾಲ ನೋಡೋಣ."

ಈ ಮಾತು ಕೇಳಿ ನನಗೆ ಹಳೆಯದೊಂದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಗೆ ಇದೇ ತೊಂದರೆಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಚೀಟಿ ಬರೆದು ಕೊಟ್ಟಿದ್ದೆ. ಹತ್ತು ತಿಂಗಳ ಮೇಲೆ ಅವರು ಕೀವು ತುಂಬಿ, ಕೆಳತುಟಿ ಜೋಮು ಹಿಡಿದು ವಾಪಸು ಬಂದರು. ಚೀಟಿ ಅವರ ಕೈಚೀಲದಲ್ಲೇ ಇತ್ತು. ಅದರಲ್ಲಿ ಏನಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಆ ತಪ್ಪು ನನ್ನದು.

ಆದ್ದರಿಂದ ಈ ಸಲ ಎರಡು ಕಾಗದ ಬರೆದೆ. ಸರ್ಜನ್‌ಗೆ ಒಂದು: ಎಷ್ಟು ದೊಡ್ಡದು, ಪಕ್ಕದ ಹಲ್ಲಿನ ಪರೀಕ್ಷೆ ಏನಾಯಿತು, ತುಟಿಯ ಸ್ಪರ್ಶ ಸರಿ ಇದೆಯೇ, ಚೀಲದೊಳಗೆ ಏನಿದೆ ಎಂದು ಎಳೆದು ನೋಡಲು ನಾನು ಸೂಜಿ ಹಾಕಿಲ್ಲ ಎಂಬುದು. ಇನ್ನೊಂದು ಅವರಿಗೇ, ಕನ್ನಡದಲ್ಲಿ. ಬರೆಯುವಾಗ 'ಗಂಟು' ಎಂಬ ಮಾತು ಬೇಡ ಅಂದುಕೊಂಡೆ. ನಮ್ಮ ಕಡೆ ಆ ಮಾತು ಕೇಳಿದ ಕೂಡಲೇ ಜನ ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. ಹಾಗಂತ ಹೆದರಬೇಡಿ ಎಂದು ಸುಮ್ನೆ ಬರೆಯುವುದೂ ಸರಿಯಲ್ಲ, ಅಲ್ವಾ? ಅವರ ಒಪ್ಪಿಗೆ ಪಡೆದು ಆ ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ.

"ನಮಸ್ಕಾರ. ನಿಮ್ಮ ದವಡೆ ಎಲುಬಿನ ಒಳಗೆ ನೀರು ತುಂಬಿದ ಒಂದು ಚೀಲ ಬೆಳೆದಂತೆ ಕಾಣುತ್ತದೆ. ಇದಕ್ಕೆ ಸಿಸ್ಟ್ ಎನ್ನುತ್ತಾರೆ. ಒಳಗಿನ ನೀರು ನಿಧಾನಕ್ಕೆ ಹೆಚ್ಚುತ್ತಾ ಸುತ್ತಲಿನ ಎಲುಬನ್ನು ಕರಗಿಸುತ್ತದೆ. ನಿಧಾನಕ್ಕೆ ಆಗುವುದರಿಂದ ನೋವಾಗುವುದಿಲ್ಲ. ನೋವಿಲ್ಲ ಎಂದರೆ ಚಿಕ್ಕದಿದೆ ಎಂದಲ್ಲ.

ಹಲ್ಲು ಕಿತ್ತರೆ ಸಾಕಲ್ಲವೇ ಎಂದು ಕೇಳಿದಿರಿ. ಹಲ್ಲು ಕಿತ್ತರೂ ಚೀಲದ ಸಿಪ್ಪೆ ಒಳಗೇ ಉಳಿದರೆ ಅದು ಮತ್ತೆ ಬೆಳೆಯಬಹುದು. ಇನ್ನೊಂದು, ಇದು ಯಾವ ಜಾತಿಯ ಚೀಲ ಎಂದು ಎಕ್ಸ್‌ರೇ ನೋಡಿ ಹೇಳಲು ಆಗುವುದಿಲ್ಲ. ಒಂದು ಸಾಧಾರಣ ಜಾತಿ. ಇನ್ನೊಂದು ತೆಗೆದ ಮೇಲೂ ಮರಳಿ ಬರುವ ಜಾತಿ. ಚೀಲವೇ ಅಲ್ಲದ ಒಂದು ಗೆಡ್ಡೆಯೂ ಫೋಟೋದಲ್ಲಿ ಹೀಗೇ ಕಾಣುತ್ತದೆ. ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವವರೆಗೆ ನಾನಾಗಲಿ ಬೇರೆ ಯಾರಾಗಲಿ ಖಾತ್ರಿ ಕೊಡಬಾರದು. ಯಾವುದು ಎಂದು ತಿಳಿದ ಮೇಲೆಯೇ ಎಷ್ಟು ತೆಗೆಯಬೇಕು ಎಂದು ನಿರ್ಧಾರ ಆಗುತ್ತದೆ.

ನಾನು ಯಾಕೆ ಮಾಡುವುದಿಲ್ಲ ಎಂದರೆ, ನಿಮ್ಮ ಕೆಳತುಟಿಗೆ ಸ್ಪರ್ಶ ಕೊಡುವ ನರ ಈ ಚೀಲದ ತಳಕ್ಕೆ ಅಂಟಿದಂತೆ ಕಾಣುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದೇ ಉಳಿಯಬಹುದು. ಎಲುಬು ತೆಳ್ಳಗಾಗಿದೆ. ಹಲ್ಲು ಕೀಳಲು ಬಲ ಹಾಕಿದರೆ ದವಡೆಯೇ ಮುರಿಯಬಹುದು. ಮುರಿದರೆ ಪ್ಲೇಟ್ ಹಾಕಿ ಜೋಡಿಸಲು ನನ್ನ ಕ್ಲಿನಿಕ್‌ನಲ್ಲಿ ಸೌಲಭ್ಯ ಇಲ್ಲ. ಓರಲ್ ಸರ್ಜನ್ ಈ ಕೆಲಸವನ್ನೇ ಕಲಿತವರು.

ಎರಡು ಮೂರು ವಾರದಲ್ಲಿ ಹೋದರೆ ಸಾಕು, ನಾಳೆಯೇ ಓಡಬೇಕಿಲ್ಲ. ರಾಶಿ ಪೂರ್ತಿ ಮುಗಿಯಲಿ ಎಂದು ಮಾತ್ರ ಕಾಯಬೇಡಿ. ಅಷ್ಟರೊಳಗೆ ಮುಖ ಬಾತರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ತುಟಿ ಜೋಮು ಹಿಡಿದರೆ ಅದೇ ದಿನ ಹೊರಡಿ. ಎಡಗಡೆಯಿಂದ ಕಟಕ ರೊಟ್ಟಿ, ಕಬ್ಬು ಕಡಿಯಬೇಡಿ. ರೊಟ್ಟಿ ಪಲ್ಯದಾಗ ನೆನೆಸಿ ತಿನ್ನಿ."

ಪತ್ರವನ್ನು ಅವರ ಎದುರಲ್ಲೇ ಓದಿದೆ. ಮನೆಗೆ ಹೋಗಿ ಅವರ ಅಣ್ಣ ಮತ್ತೆ ಓದಿದರಂತೆ. ಅಣ್ಣನೇ ನನಗೆ ಫೋನ್ ಮಾಡಿದರು. ಕ್ಯಾನ್ಸರ್ ಬಗ್ಗೆ ಕೇಳಲಿಲ್ಲ, ಅದಕ್ಕೆ ಪತ್ರದಲ್ಲಿ ಉತ್ತರ ಇತ್ತು. ಎಷ್ಟು ದಿನ ಉಳಿಯಬೇಕಾಗುತ್ತದೆ ಎಂದು ಕೇಳಿದರು. ಎರಡನೇ ವಾರದಲ್ಲಿ ಇಬ್ಬರೂ ಬೆಳಗಿನ ರೈಲು ಹಿಡಿದು ಕಲಬುರಗಿಗೆ ಹೋದರು.

ಅಲ್ಲಿ ಮೂರು ಆಯಾಮದ ಸ್ಕ್ಯಾನ್ ತೆಗೆದು, ದಪ್ಪ ಸೂಜಿ ಹಾಕಿ ನೋಡಿದರು. ತಿಳಿ ಹಳದಿ ನೀರು ಬರಬಹುದು ಎಂದು ನಾನು ಅಂದುಕೊಂಡಿದ್ದೆ. ಬಂದದ್ದು ಗಟ್ಟಿ ಬಿಳಿ ಮೊಸರಿನಂಥದ್ದು. ಬರೀ ರಕ್ತ ಬಂದಿದ್ದರೆ ಅಲ್ಲಿಗೇ ನಿಲ್ಲಿಸಬೇಕಾಗುತ್ತಿತ್ತು, ಅದು ರಕ್ತನಾಳದ ತೊಂದರೆ ಇರಬಹುದು. ಸೂಜಿ ಹಾಕುವುದನ್ನು ನಾನು ಸರ್ಜನ್‌ಗೆ ಬಿಟ್ಟದ್ದು ಅದಕ್ಕೇ. ಚೂರಿನ ವರದಿಯಲ್ಲಿ ಕೆರಟೋಸಿಸ್ಟ್ ಎಂದು ಬಂತು. ಮರಳಿ ಬರುವ ಜಾತಿ ಎಂದು ಪತ್ರದಲ್ಲಿ ಬರೆದಿದ್ದೆನಲ್ಲ, ಅದೇ. ಅದರ ಸಿಪ್ಪೆ ಬಹಳ ತೆಳು, ಎಳೆದರೆ ಹರಿಯುತ್ತದೆ. ಗೋಡೆಯೊಳಗೆ ಪುಟ್ಟ ಮರಿಚೀಲಗಳೂ ಇರಬಹುದು. ನಾನು ಹಲ್ಲು ಕಿತ್ತು, ಕೈಗೆ ಸಿಕ್ಕಷ್ಟು ಕೆರೆದು ಹೊಲಿಗೆ ಹಾಕಿದ್ದರೆ ಎಷ್ಟು ಉಳಿಯಿತು ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಸರ್ಜನ್ ಒಮ್ಮೆಲೇ ಪೂರ್ತಿ ತೆಗೆಯಲಿಲ್ಲ. ಚೀಲಕ್ಕೆ ಒಂದು ಕಿಂಡಿ ಮಾಡಿ, ಸಣ್ಣ ನಳಿಕೆ ಹೊಲಿದು ಕೂರಿಸಿದರು. ಒತ್ತಡ ಇಳಿದರೆ ಚೀಲ ಕುಗ್ಗುತ್ತದೆ, ಎಲುಬು ತುಂಬಿಕೊಳ್ಳುತ್ತದೆ, ನರದಿಂದ ದೂರ ಸರಿಯುತ್ತದೆ. ಆಮೇಲೆ ಬಿಡಿಸುವುದು ಸುರಕ್ಷಿತ. ನಳಿಕೆಯೊಳಗೆ ದಿನಾ ಸಿರಿಂಜಿನಿಂದ ಸಲೈನ್ ಬಿಟ್ಟು ತೊಳೆಯಬೇಕು, ತಿಂಗಳುಗಟ್ಟಲೆ.

ಇಲ್ಲಿ ನನ್ನ ಪತ್ರ ಸೋತಿತು. ಅವರು ಸಿಟ್ಟಿನಲ್ಲಿ ಫೋನ್ ಮಾಡಿದರು. "ಆಪರೇಷನ್ ಅಂದ್ರಿ ಮೇಡಂ, ಇವ್ರು ನಳಿಗಿ ಹಾಕಿ ಕಳಿಸ್ಯಾರ!" ಚಿಕಿತ್ಸೆ ಅರ್ಧಕ್ಕೇ ಬಿಟ್ಟರು ಎಂದು ಅವರಿಗೆ ಅನಿಸಿತ್ತು. ಎರಡು ಹಂತದಲ್ಲಿ ಆಗಬಹುದು ಎಂದು ನಾನು ಬರೆದೇ ಇರಲಿಲ್ಲ. ಕ್ಲಿನಿಕ್‌ಗೆ ಕರೆದು ಹಳೆಯ ಓಪಿಜಿ ತೋರಿಸಿ ವಿವರಿಸಿದೆ. ತೊಳೆಯುವುದನ್ನು ನಾನೇ ಎರಡು ಸಲ ಮಾಡಿ ತೋರಿಸಿದೆ. ಆಮೇಲೆ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಒಂಬತ್ತನೇ ತಿಂಗಳ ಎಕ್ಸ್‌ರೇಯಲ್ಲಿ ಕಪ್ಪು ಜಾಗ ಅರ್ಧಕ್ಕಿಂತ ಕಡಿಮೆಯಾಗಿತ್ತು, ನರಕ್ಕೂ ಚೀಲಕ್ಕೂ ನಡುವೆ ಎಲುಬು ಕಾಣುತ್ತಿತ್ತು. ಆಗ ಚೀಲವನ್ನೂ ಬುದ್ಧಿಹಲ್ಲನ್ನೂ ಒಟ್ಟಿಗೇ ತೆಗೆದು, ಸುತ್ತಲಿನ ಎಲುಬನ್ನು ಸ್ವಲ್ಪ ಸವೆಸಿದರು. ತುಟಿ ಎರಡು ವಾರ ಜೋಮು ಇತ್ತು, ಆಮೇಲೆ ಸರಿ ಹೋಯಿತು. ಈ ಜಾತಿ ವರ್ಷಗಳ ಮೇಲೂ ಮರಳಬಹುದು. ಅದಕ್ಕೆ ವರ್ಷಕ್ಕೊಂದು ಓಪಿಜಿ ನಾನೇ ತೆಗೆಸಿ ಸರ್ಜನ್‌ಗೆ ಕಳಿಸುತ್ತೇನೆ.

ಈಗ ಇಂಥ ಪತ್ರ ಬರೆಯುವಾಗ ಒಂದು ಸಾಲು ಸೇರಿಸುತ್ತೇನೆ: "ಮೊದಲು ಬರೀ ನಳಿಕೆ ಇಟ್ಟು ಕಳಿಸಬಹುದು. ಹಾಗೆ ಮಾಡಿದರೆ ಚಿಕಿತ್ಸೆ ಶುರುವಾಗಿದೆ ಎಂದು ತಿಳಿಯಿರಿ. ಸಿರಿಂಜ್ ಹಿಡಿಯಲು ತೊಂದರೆ ಆದರೆ ನನ್ನ ಹತ್ತಿರ ಬನ್ನಿ."