ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಮಾತು ಕಲಿಸುವ ವರ್ಷದ ಹಂಚಿಕೆ

ದಾವಣಗೆರೆಯ ಕನ್ನಡ ಮಾಧ್ಯಮ ಶಾಲೆಯ ಎಂಟನೇ ತರಗತಿ ಎಂದುಕೊಳ್ಳಿ. ಮಂಡಕ್ಕಿ ಭಟ್ಟಿಯಲ್ಲಿ, ಮಾರುಕಟ್ಟೆಯಲ್ಲಿ ದುಡಿಯುವವರ ಮಕ್ಕಳು. ಕೆಲವರ ಮನೆಮಾತು ಕನ್ನಡ, ಕೆಲವರದು ಉರ್ದು, ಕೆಲವರದು ಲಂಬಾಣಿ. ಇಂಗ್ಲಿಷ್ ಇವರ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಆದ್ದರಿಂದ ವಾರಕ್ಕೊಂದು ಪೂರ್ತಿ ಅವಧಿ ಮೀಸಲಿಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಕೊಡಿ. ವಾರಕ್ಕೊಮ್ಮೆ ಕೇಳಿದ್ದು ಮುಂದಿನ ವಾರದವರೆಗೆ ಉಳಿಯುವುದಿಲ್ಲ.

ಜೂನ್, ಜುಲೈ: ಕೇಳಿ ಮಾಡುವುದು. ಮಕ್ಕಳು ಬಾಯಿ ಬಿಡಬೇಕಿಲ್ಲ. ‘ಪುಟ್ ದ ಪೆನ್ ಅಂಡರ್ ದ ಬುಕ್’ ಎಂದರೆ ಪೆನ್ನನ್ನು ಪುಸ್ತಕದ ಕೆಳಗಿಟ್ಟರೆ ಸಾಕು. ದಿನಕ್ಕೆ ನಾಲ್ಕೈದು ಹೊಸ ಸೂಚನೆ, ಉಳಿದವು ಹಳೆಯವು. ಹೇಳುವಾಗ ನಿಮ್ಮ ಕೈ ಬೆನ್ನ ಹಿಂದಿರಲಿ. ಬೆರಳು ತೋರಿಸಿದರೆ ಮಕ್ಕಳು ಬೆರಳನ್ನು ಓದುತ್ತಾರೆ, ಮಾತನ್ನಲ್ಲ. ಪಕ್ಕದವರನ್ನು ನೋಡಿ ಮಾಡುತ್ತಿದ್ದಾರೆ ಎನಿಸಿದರೆ ಕಣ್ಣು ಮುಚ್ಚಿಸಿ ‘ಟಚ್ ಯುವರ್ ಲೆಫ್ಟ್ ಇಯರ್’ ಎನ್ನಿ, ಗೊತ್ತಾಗುತ್ತದೆ.

ಆಗಸ್ಟ್‌ನಿಂದ ದಸರಾ ರಜೆವರೆಗೆ: ಜೋಡಿ ಮಾತು. ಹಂಚಿಕೆ ಕೆಡುವುದು ಇಲ್ಲೇ. ಬಹಳ ಕಡೆ ಸಂಭಾಷಣೆಯನ್ನು ಹಲಗೆ ಮೇಲೆ ಬರೆದು ಇಬ್ಬರಿಂದ ಓದಿಸುತ್ತಾರೆ. ಅದು ಓದು. ಎದುರಿನವರು ಏನು ಹೇಳುತ್ತಾರೆಂಬುದು ಮೊದಲೇ ಗೊತ್ತಿರುವಾಗ ಯಾರೂ ಕಿವಿಗೊಡುವುದಿಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು; ಆಗ ಮಾತ್ರ ಕೇಳಲೇಬೇಕಾಗುತ್ತದೆ.

ಬೆಣ್ಣೆ ದೋಸೆ ಹೋಟೆಲಿನ ದರಪಟ್ಟಿಯಿಂದ ಶುರು ಮಾಡಿ. ಎರಡು ಚೀಟಿ, ಎರಡರಲ್ಲೂ ಅದೇ ಆರು ತಿನಿಸು. ಮೊದಲ ಚೀಟಿಯಲ್ಲಿ ಬೆಣ್ಣೆ ದೋಸೆ 60, ಇಡ್ಲಿ 30, ಮಿರ್ಚಿ 14 ಎಂದಿದೆ. ಖಾಲಿ ದೋಸೆ, ಮಂಡಕ್ಕಿ, ಚಹಾದ ಮುಂದೆ ಏನೂ ಇಲ್ಲ. ಎರಡನೆಯದರಲ್ಲಿ ಖಾಲಿ ದೋಸೆ 50, ಮಂಡಕ್ಕಿ 40, ಚಹಾ 15; ಉಳಿದ ಮೂರು ಖಾಲಿ. ಊರಿನ ನಿಜವಾದ ದರ ಹಾಕಬೇಡಿ. ಮಕ್ಕಳಿಗೆ ಅದು ಬಾಯಿಪಾಠ, ಕೇಳದೆಯೇ ತುಂಬಿಬಿಡುತ್ತಾರೆ.

ಬೇಕಾದ ಮಾತು ಮೂರೇ: ‘ಹೌ ಮಚ್ ಈಸ್ ದ ಇಡ್ಲಿ?’, ‘ಇಟ್ಸ್ ಥರ್ಟಿ ರುಪೀಸ್’, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ‘ಸಾರಿ? ಎಗೇನ್, ಪ್ಲೀಸ್’. ಕೊನೆಯದನ್ನು ಕಲಿಸದಿದ್ದರೆ, ಕೇಳಿಸದ ಮಗು ಕನ್ನಡಕ್ಕೆ ತಿರುಗುತ್ತದೆ ಇಲ್ಲವೇ ಇಣುಕಿ ನೋಡುತ್ತದೆ. ಜೋಡಿ ಬಿಡುವ ಮುನ್ನ ಎರಡು ದಿನ ಮೂರನ್ನೂ ಇಡೀ ತರಗತಿಯಿಂದ ಹೇಳಿಸಿ.

ಇಬ್ಬರ ನಡುವೆ ಸ್ಕೂಲ್ ಬ್ಯಾಗ್ ನಿಲ್ಲಿಸಿ. ಬೆಂಚಿಗೆ ಮೂವರಿದ್ದರೆ ಮೂರನೆಯವರ ಕೈಗೆ ಪೂರ್ತಿ ಪಟ್ಟಿ ಕೊಡಿ, ತಪ್ಪಿದಾಗ ‘ನೋ’ ಎನ್ನುವುದಷ್ಟೇ ಅವರ ಕೆಲಸ. ಮರುದಿನ ಸ್ಥಾನ ಬದಲಿಸಿ. ಅರ್ಧ ನಿಮಿಷದಲ್ಲಿ ಮುಗಿಸಿದ ಜೋಡಿ ಚೀಟಿ ನೋಡಿಕೊಂಡಿದೆ ಎಂದೇ ತಿಳಿಯಿರಿ. ಸದ್ದಾಗುತ್ತದೆ, ಪಕ್ಕದ ಕೊಠಡಿಯವರಿಗೆ ಮೊದಲೇ ಹೇಳಿಡಿ.

ತಿದ್ದುವುದರಲ್ಲಿ ಜಿಪುಣರಾಗಿ. ‘ಹೌ ಮಚ್ ಇಡ್ಲಿ?’ ಎಂದರೆ ಸದ್ಯಕ್ಕೆ ಬಿಡಿ, ‘ಬಸ್ಸು’, ‘ಯೆಗ್ಗು’ ಎಂದರೂ ಬಿಡಿ. ಆದರೆ 15 ಮತ್ತು 50, 14 ಮತ್ತು 40 ಅದಲುಬದಲಾದರೆ ಬಿಡಬೇಡಿ, ಏಕೆಂದರೆ ಲೆಕ್ಕವೇ ತಪ್ಪುತ್ತದೆ. ಚೀಟಿಯಲ್ಲಿ ಈ ಅಂಕಿಗಳನ್ನು ಹಾಕಿರುವುದು ಅದಕ್ಕೇ. ‘ಫಿಫ್ಟಿ’ಯಲ್ಲಿ ಒತ್ತು ಮೊದಲ ಭಾಗಕ್ಕೆ, ಕೊನೆ ಮೊಟಕು, ‘ಫಿಫ್ಟೀನ್’ನಲ್ಲಿ ‘ಟೀನ್’ ಎಳೆದು ಹೇಳಿಸಿ, ಕೊನೆಯ ‘ನ್’ ನುಂಗಬಾರದು. ದಿನಕ್ಕೆ ನಾಲ್ಕು ಜೋಡಿಯ ಬಳಿ ಮಾತ್ರ ನಿಂತು ಕೇಳಿ, ಹೆಸರಿನ ಮುಂದೆ ಗುರುತು ಹಾಕಿ.

ದರಪಟ್ಟಿ ಎರಡು ವಾರ ಸಾಕು. ಆಮೇಲೆ ಇದೇ ಅಚ್ಚಿನಲ್ಲಿ ಬಸ್ ಹೊರಡುವ ಸಮಯ, ನಂತರ ತರಗತಿಯ ವೇಳಾಪಟ್ಟಿ.

ರಜೆ ನಂತರ ಡಿಸೆಂಬರ್‌ವರೆಗೆ: ಬೇರೆ ದನಿ. ಮಕ್ಕಳಿಗೆ ನಿಮ್ಮ ಇಂಗ್ಲಿಷ್ ಅಭ್ಯಾಸವಾಗಿರುತ್ತದೆ, ಇನ್ನೊಬ್ಬರದು ತಿಳಿಯುವುದಿಲ್ಲ. ವಿದೇಶಿ ದನಿಯ ‘ಸ್ಪೋಕನ್ ಇಂಗ್ಲಿಷ್’ ಸಿ.ಡಿ.ಗಳಿಗೆ ಹಣ ಹಾಕಬೇಡಿ, ಆ ವೇಗಕ್ಕೆ ಮಕ್ಕಳು ಮೊದಲ ವಾಕ್ಯದಲ್ಲೇ ಕೈಚೆಲ್ಲುತ್ತಾರೆ. ಬೇರೆ ಶಾಲೆಯ ಶಿಕ್ಷಕರಿಂದ ಫೋನಿನಲ್ಲಿ ಒಂದು ನಿಮಿಷ ಮಾತಾಡಿಸಿ ತನ್ನಿ. ಪ್ರಶ್ನೆಯನ್ನು ಮೊದಲು ಕೊಡಿ, ಮೂರು ಸಲ ಕೇಳಿಸಿ. ಬರೆದ ಪಠ್ಯವನ್ನು ಕೊನೆಗಷ್ಟೇ ತೋರಿಸಿ.

ಜನವರಿ, ಫೆಬ್ರುವರಿ: ಒಂದು ನಿಮಿಷದ ಮಾತು. ದಿನಕ್ಕೆ ಮೂವರು. ಕೈಯಲ್ಲಿ ಐದು ಪದಗಳ ಚೀಟಿ ಇರಬಹುದು, ವಾಕ್ಯ ಇರಬಾರದು. ಕೇಳುವವರಲ್ಲಿ ಇಬ್ಬರು ಒಂದೊಂದು ಪ್ರಶ್ನೆ ಕೇಳಲೇಬೇಕು. ಬಾಯಿಪಾಠ ಮಾಡಿ ಬಂದವರು ಆ ಪ್ರಶ್ನೆಗೆ ತಡವರಿಸುತ್ತಾರೆ. ಅಂಕವನ್ನು ಉತ್ತರಕ್ಕೇ ಹೆಚ್ಚು ಇಡಿ, ಭಾಷಣಕ್ಕಲ್ಲ.

ಮಾರ್ಚ್ ಪರೀಕ್ಷೆಯ ಪಾಲು. ಹೊಸದೇನೂ ಬೇಡ, ಹಳೆಯ ಜೋಡಿ ಚೀಟಿಗಳನ್ನೇ ಅಂಕಿ ಬದಲಿಸಿ ಆಡಿಸಿ.