ನಾಲ್ಕನೇ ಮೂರು ಅಂದರೆ ಮಗು 4/3 ಬರೆದಿತ್ತು

ಉಡುಪಿಯ ನಮ್ಮ ಮನೆಯಲ್ಲೇ ಐದನೇ ತರಗತಿಗೆ ಭಿನ್ನರಾಶಿಯ ವಿಡಿಯೊ ಮಾಡಿದ್ದೆ. ಅಕ್ಕನ ಮಗಳಿಗೆ ಧ್ವನಿ ಮಾತ್ರ ಕೇಳಿಸಿ ಬರೆಯಲು ಹೇಳಿದೆ. "ನಾಲ್ಕನೇ ಮೂರು" ಎಂದದ್ದಕ್ಕೆ ಅವಳು 4/3 ಬರೆದಳು.

"ನೀವೇ ನಾಲ್ಕು ಮೊದಲು ಹೇಳಿದ್ದಲ್ವಾ ಮಾಮ?"

ತಪ್ಪು ಅವಳದ್ದಲ್ಲ. ಕಣ್ಣು ಮೇಲಿನಿಂದ ಕೆಳಗೆ ಓದುತ್ತದೆ, ಕನ್ನಡ ಛೇದವನ್ನು ಮೊದಲು ಹೇಳುತ್ತದೆ. "ಮೂರು ಬೈ ನಾಲ್ಕು" ಎಂದರೆ ಗೊಂದಲವಿಲ್ಲ, ಆದರೆ ಭಾಗದ ಅರ್ಥವೂ ಕಿವಿಗೆ ಬೀಳುವುದಿಲ್ಲ. "ಮುಕ್ಕಾಲು" ಚಂದ, ಆದರೆ 3/5 ಬಂದಾಗ ಏನೆನ್ನುವುದು?

ಕೊನೆಗೆ ಚಿತ್ರದ ಕ್ರಮವನ್ನೇ ಬದಲಿಸಿದೆ. ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡುವಾಗ ಗೆರೆ ಮತ್ತು ಕೆಳಗಿನ 4 ಬರುತ್ತವೆ, ಆಗ "ನಾಲ್ಕನೇ" ಎನ್ನುತ್ತೇನೆ. ಮೂರು ತುಂಡಿಗೆ ಬಣ್ಣ ತುಂಬಿ ಮೇಲೆ 3 ಮೂಡುವಾಗ "ಮೂರು". ಛೇದ, ಅಂಶ ಎಂಬ ಹೆಸರುಗಳು ಆಮೇಲೆ. ಸ್ಕ್ರಿಪ್ಟಿನಲ್ಲಿ ಈಗ ಅಂಕಿಯನ್ನೇ ಬರೆಯುವುದಿಲ್ಲ, ಬಾಯಲ್ಲಿ ಬರುವ ಮಾತನ್ನೇ ಬರೆಯುತ್ತೇನೆ. ಇಲ್ಲವಾದರೆ ಓದುವಾಗ ನಾಲಿಗೆ "ಬೈ"ಗೆ ಜಾರುತ್ತದೆ.

ನಮ್ಮೂರಿನ "ಈಗ ನೋಡುವ" ಎಂಬುದನ್ನೂ "ನೋಡೋಣ" ಮಾಡಿದೆ. ಘಟ್ಟದ ಮೇಲಿನವರು "ನೋಡುವ" ಕೇಳಿ, ಏನನ್ನು ನೋಡುವ ಎಂದು ಮುಂದಿನ ಪದಕ್ಕೆ ಕಾಯುತ್ತಾರೆ. "ಉಂಟು" ಮಾತ್ರ ಬಿಡಲಿಲ್ಲ.

ಮರುದಿನ ಅವಳಿಗೆ "ಐದನೇ ಎರಡು" ಎಂದೆ. ಮೊದಲು ಗೆರೆ ಎಳೆದು, ಕೆಳಗೆ 5 ಬರೆದಳು.