ಎರಡೂ, ಎರಡೇ: ನಮ್ಮ ವಾರ್ಡಿನ 37 ಜನರ ಲೆಕ್ಕ

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಗ್ರಂಥಾಲಯ ಇದೆ. ನಾನು ಅದರ ಕಾರ್ಯದರ್ಶಿ. ಉಳಿದ ಹೊತ್ತು ಅಡಿಕೆ ತೋಟ. ಯಾವ ಯಾವ ಪೇಪರು ತರಿಸಬೇಕು ಅನ್ನುವ ಜಗಳ ಪ್ರತಿ ವರ್ಷ ಆಗುತ್ತದೆ. ಹಾಗಾಗಿ ಒಮ್ಮೆ ಮನೆಮನೆಗೆ ಹೋಗಿ ಕೇಳಿಯೇ ಬಿಡೋಣ ಎಂದು ಹೊರಟೆವು. ಪ್ರಶ್ನೆ ಒಂದೇ: ಕನ್ನಡ, ಮಲಯಾಳ, ಇಂಗ್ಲಿಷ್ ಇವುಗಳಲ್ಲಿ ನಿಮಗೆ ಯಾವುದು ಓದಲಿಕ್ಕೆ ಬರುತ್ತದೆ?

ಮಾತನಾಡಲಿಕ್ಕೆ ಅಂತ ಕೇಳಲಿಲ್ಲ. ಕಾಸರಗೋಡಿನಲ್ಲಿ ಅದನ್ನು ಕೇಳಿ ಪ್ರಯೋಜನ ಇಲ್ಲ. ತುಳುವಿನಲ್ಲಿ ಶುರು ಮಾಡಿ, ಮಲಯಾಳದಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈದು ಬರುವ ಜನ ನಾವು. ಆದರೆ ಕನ್ನಡ ಮೀಡಿಯಂನಲ್ಲಿ ಕಲಿತ ಎಷ್ಟೋ ಮಂದಿ ಮಲಯಾಳ ಸರಾಗ ಮಾತಾಡಿದರೂ ಬಸ್ಸಿನ ಬೋರ್ಡು ಓದುವಾಗ ತಡವರಿಸುತ್ತಾರೆ. ಪೇಪರಿಗೆ ಬೇಕಾದದ್ದು ಓದು.

ಹದಿನೆಂಟು ದಾಟಿದ ಒಬ್ಬರಿಗೆ ಒಂದು ಫಾರಂ. ಫಾರಂನಲ್ಲಿ ಮೂರು ಚೌಕ, ಬರುವ ಭಾಷೆಗೆ ಟಿಕ್. ಒಟ್ಟು 200 ಫಾರಂ ಬಂತು. ಕಾಲೇಜಿಗೆ ಹೋಗುವ ಮೂವರು ಮಕ್ಕಳು ಎಣಿಕೆಗೆ ಬಂದರು. ಮೊದಲು ಒಂದೊಂದೇ ಭಾಷೆ ಎಣಿಸಿದೆವು. ಕನ್ನಡ 121, ಮಲಯಾಳ 114, ಇಂಗ್ಲಿಷ್ 77. ಕೂಡಿಸಿದರೆ 312. ಇರುವುದು 200 ಜನ. ಎರಡು ಭಾಷೆ ಬರುವವರು ಎರಡು ಸಲ, ಮೂರು ಬರುವವರು ಮೂರು ಸಲ ಲೆಕ್ಕಕ್ಕೆ ಬಂದಿದ್ದಾರೆ, ಅಷ್ಟು ನಮಗೂ ಗೊತ್ತಾಯಿತು. ಸರಿ, ಜೋಡಿಗಳನ್ನು ಎಣಿಸಿ ಕಳೆಯೋಣ ಅಂದೆ. ಮೂವರಿಗೂ ಒಂದೊಂದು ಜೋಡಿ ಹಂಚಿದೆ. ಕನ್ನಡ-ಮಲಯಾಳ 73 ಬಂತು, ಕನ್ನಡ-ಇಂಗ್ಲಿಷ್ 57, ಮಲಯಾಳ-ಇಂಗ್ಲಿಷ್ 19. ಮೂರೂ ಸೇರಿ 149.

312 − 149 = 163. 200ರಲ್ಲಿ 163 ಹೋದರೆ 37. ಅಂದರೆ ಈ ಮೂರರಲ್ಲಿ ಯಾವುದೂ ಓದಲಿಕ್ಕೆ ಬಾರದವರು 37 ಜನ. ಸಮಿತಿಯ ಸಭೆಯಲ್ಲಿ ಅದನ್ನೇ ಓದಿ ಹೇಳಿದೆ. ಯಾರೂ ಆಕ್ಷೇಪ ಎತ್ತಲಿಲ್ಲ, ಚಹಾ ಬಂತು.

ಆ ದಿನ ರಾತ್ರಿ ಮಲಗಿದ ಮೇಲೆ ತಲೆಗೆ ಹೊಳೆಯಿತು. ಪ್ಲಸ್ ಟುನಲ್ಲಿ ಗಣಗಳ ಪಾಠ ಕಲಿತದ್ದು ನೆನಪಿತ್ತು. ಜೋಡಿಗಳನ್ನು ಕಳೆದ ಮೇಲೆ ಮೂರೂ ಬರುವವರನ್ನು ಪುನಃ ಕೂಡಿಸಬೇಕು. ನಾನು ಕೂಡಿಸಿಯೇ ಇಲ್ಲ!

ಯಾಕೆ ಕೂಡಿಸಬೇಕು ಅಂದರೆ, ಮೂರೂ ಭಾಷೆ ಓದುವ ಒಬ್ಬರನ್ನು ಹಿಡಿದು ನೋಡಿ. ನಮ್ಮ ಅಂಚೆ ಕಚೇರಿಯಲ್ಲಿ ಇರುವವರು ಅಂತ ಇಟ್ಟುಕೊಳ್ಳಿ. ಕನ್ನಡದ 121ರಲ್ಲಿ ಅವರಿದ್ದಾರೆ, 114ರಲ್ಲೂ ಇದ್ದಾರೆ, 77ರಲ್ಲೂ ಇದ್ದಾರೆ. ಮೂರು ಸಲ ಆಯಿತು. ಈಗ ಕಳೆಯುವಾಗ ಮೂರು ಜೋಡಿಗಳಲ್ಲೂ ಅವರೇ. ಮೂರು ಸಲ ಕಳೆದೆವು. ಪಾಪ, ಅವರು ಲೆಕ್ಕದಿಂದಲೇ ಮಾಯ. ಮೂರು ಭಾಷೆ ಬಲ್ಲವರು ಒಂದೂ ಬಾರದವರ ಗುಂಪಿಗೆ ಬಿದ್ದ ಹಾಗಾಯಿತು. ಅದಕ್ಕೇ ಅವರನ್ನು ಒಂದು ಸಲ ವಾಪಸು ಕೂಡಿಸುವುದು.

ಮರುದಿನ ಮೂರಕ್ಕೂ ಟಿಕ್ ಇರುವ ಫಾರಂ ಎಣಿಸಿದೆ. 43. ಈಗ 163ಕ್ಕೆ 43 ಸೇರಿಸಿದರೆ 206. ಇರುವ ಜನ 200. ಹಾಗಾದರೆ ಏನೂ ಬಾರದವರು ಮೈನಸ್ 6!

ತಪ್ಪು ತಿದ್ದಲಿಕ್ಕೆ ಹೋಗಿ ಇನ್ನೂ ಹಾಳಾಯಿತಲ್ಲ ಅನ್ನಿಸಿತು. ಫಾರಂ ಕಳೆದುಹೋಗಿದೆಯಾ ಎಂದು ಕಟ್ಟು ಬಿಚ್ಚಿ ಮತ್ತೆ ಎಣಿಸಿದೆ. 200 ಇದ್ದವು. ಒಂದೊಂದು ಭಾಷೆಯ ಸಂಖ್ಯೆಯೂ ಸರಿ ಇತ್ತು. ಆಮೇಲೆ ಸುಮ್ನೆ ಅಂಕಿಗಳನ್ನೇ ನೋಡುತ್ತಾ ಕೂತಾಗ ಕಣ್ಣಿಗೆ ಬಿತ್ತು. ಮಲಯಾಳ-ಇಂಗ್ಲಿಷ್ 19, ಮೂರೂ ಬರುವವರು 43. ಇದು ಆಗುವುದೇ ಇಲ್ಲ. ಮೂರೂ ಬರುವ 43 ಜನಕ್ಕೂ ಮಲಯಾಳ ಮತ್ತು ಇಂಗ್ಲಿಷ್ ಬರಲೇಬೇಕು, ಅಲ್ವಾ? ಹಾಗಾಗಿ ಯಾವ ಜೋಡಿಯೂ 43ಕ್ಕಿಂತ ಕಡಿಮೆ ಇರಲಿಕ್ಕೆ ಸಾಧ್ಯವಿಲ್ಲ. ಈಗ ಇಂಥ ಲೆಕ್ಕ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಆ ಜೋಡಿ ಎಣಿಸಿದ ಹುಡುಗಿಗೆ ಫೋನ್ ಮಾಡಿದೆ. "ಅಣ್ಣ, ನೀವು ಎರಡು ಬರುವವರನ್ನು ಎಣಿಸು ಅಂದಿರಿ. ಕನ್ನಡಕ್ಕೂ ಟಿಕ್ ಇದ್ದರೆ ಮೂರಾಗುತ್ತದಲ್ಲ? ಅದನ್ನು ನಾನು ಬದಿಗಿಟ್ಟೆ" ಅಂದಳು.

ಅವಳದ್ದು ತಪ್ಪು ಅನ್ನುವ ಹಾಗಿಲ್ಲ. ನಾನು ಹೇಳಿದ್ದೇ ಅರ್ಧಂಬರ್ಧ. ಮಲಯಾಳ ಇಂಗ್ಲಿಷ್ ಎರಡೂ ಬರುವವರು ಬೇರೆ, ಎರಡೇ ಬರುವವರು ಬೇರೆ. ಎರಡೂ ಅಂದರೆ ಮೂರನೆಯದು ಬಂದರೂ ಸರಿ, ಬಾರದಿದ್ದರೂ ಸರಿ. ಎರಡೇ ಅಂದರೆ ಮೂರನೆಯದು ಬರಬಾರದು. ಉಳಿದ ಇಬ್ಬರು 'ಎರಡೂ' ಎಣಿಸಿದ್ದರು, ಇವಳು 'ಎರಡೇ' ಎಣಿಸಿದ್ದಳು. ಕೊನೆಯ ಒಂದು ಸ್ವರಕ್ಕೆ 43 ಜನರ ವ್ಯತ್ಯಾಸ. ಸರಿಯಾದ ಜೋಡಿ 19 + 43 = 62.

ಈಗ ಪುನಃ ಲೆಕ್ಕ:

```
121 + 114 + 77 = 312
73 + 57 + 62 = 192
312 − 192 + 43 = 163
200 − 163 = 37
```

ತಿರುಗಿ 37! ಸಭೆಯಲ್ಲಿ ಹೇಳಿದ ಸಂಖ್ಯೆ ಸರಿಯೇ ಇತ್ತು, ದಾರಿ ಮಾತ್ರ ಎರಡು ಕಡೆ ತಪ್ಪಿತ್ತು. ಅವಳು ಆ 43 ಜನರನ್ನು ಒಂದು ಜೋಡಿಯಲ್ಲಿ ಬಿಟ್ಟಿದ್ದಳು, ನಾನು ಅವರನ್ನು ವಾಪಸು ಕೂಡಿಸಲು ಮರೆತಿದ್ದೆ. ಅಂಚೆ ಕಚೇರಿಯವರು ಮೂರು ಸಲ ಸೇರಿ ಎರಡೇ ಸಲ ಕಳೆದುಹೋದರು, ಒಂದು ಸಲ ಉಳಿದರು. ಉಳಿಯಬೇಕಾದದ್ದೂ ಅಷ್ಟೇ. ಮೂವರೂ 'ಎರಡೇ' ಎಣಿಸಿದ್ದರೆ ಜೋಡಿಗಳು 30, 14, 19 ಬರುತ್ತಿದ್ದವು. ಆಗ ಸೂತ್ರ ಬೇರೆ: ಜೋಡಿಗಳನ್ನು ಕಳೆದು, ಮೂರೂ ಬರುವವರನ್ನು ಎರಡು ಸಲ ಕಳೆಯಬೇಕು. 312 − 63 − 86, ಮತ್ತೆ 163. ಯಾವುದನ್ನು ಎಣಿಸಿದರೂ ತೊಂದರೆ ಇಲ್ಲ, ಕಲಬೆರಕೆ ಆಗಬಾರದು.

ಆದರೂ ನನಗೆ ಸಮಾಧಾನ ಆಗಲಿಲ್ಲ. ಒಮ್ಮೆ ಮೋಸ ಹೋದವನು ನಾನು. ಒಂದು ಆದಿತ್ಯವಾರ ಓದುವ ಕೋಣೆಯ ಬೆಂಚುಗಳನ್ನು ಸೇರಿಸಿ ಫಾರಂಗಳನ್ನು ರಾಶಿ ಹಾಕಿದೆ. ಪ್ರತಿ ಚೌಕಕ್ಕೂ ಹೌದು ಅಥವಾ ಇಲ್ಲ. ಮೂರು ಚೌಕಕ್ಕೆ ಎಂಟು ರಾಶಿ. ಒಂದು ಫಾರಂ ಒಂದೇ ರಾಶಿಗೆ ಹೋಗಬೇಕು, ಎಲ್ಲೂ ಹೋಗದೆ ಉಳಿಯಬಾರದು. ಕನ್ನಡ ಮಾತ್ರ 34, ಮಲಯಾಳ ಮಾತ್ರ 22, ಇಂಗ್ಲಿಷ್ ಮಾತ್ರ 1. ಕನ್ನಡ-ಮಲಯಾಳ ಎರಡೇ 30, ಕನ್ನಡ-ಇಂಗ್ಲಿಷ್ ಎರಡೇ 14, ಮಲಯಾಳ-ಇಂಗ್ಲಿಷ್ ಎರಡೇ 19. ಮೂರೂ 43. ಟಿಕ್ ಇಲ್ಲದ್ದು 37. ಕೂಡಿಸಿದರೆ 200. ಫಾರಂ ಕೈಯಲ್ಲಿದ್ದರೆ ಸೂತ್ರ ಯಾಕೆ ಬೇಕು ಅಂತ ಅಧ್ಯಕ್ಷರು ಕೇಳಿದರು. ಬೇಡ ನಿಜ. ಸೂತ್ರ ಬೇಕಾಗುವುದು ಬರೀ ಮೊತ್ತಗಳು ಕೈಗೆ ಬಂದಾಗ.

ಮೊತ್ತಗಳು ಬಂದರೂ ಮೂರೂ ಬರುವವರ ಸಂಖ್ಯೆ ಇಲ್ಲದಿದ್ದರೆ ಖಚಿತ ಉತ್ತರ ಸಿಗುವುದಿಲ್ಲ. ಹಾಗಂತ ಏನೂ ಹೇಳಲಾಗದು ಅಂತಲೂ ಅಲ್ಲ. ನಮ್ಮದರಲ್ಲೇ ನೋಡಿ. ಇಂಗ್ಲಿಷ್ ಮಾತ್ರ ಬರುವವರು ಎಷ್ಟೆಂದು ತಿಳಿಯಲು 77ರಿಂದ 57 ಮತ್ತು 62 ಕಳೆಯಬೇಕು. ಮೈನಸ್ 42 ಬರುತ್ತದೆ. ಅದಕ್ಕೆ ಮೂರೂ ಬರುವವರನ್ನು ಕೂಡಿಸಿದಾಗ ಸೊನ್ನೆಗಿಂತ ಕೆಳಗೆ ಇರಬಾರದು. ಹಾಗಾಗಿ ಅವರು 42ಕ್ಕಿಂತ ಕಡಿಮೆ ಇರಲಾರರು. ಅತಿ ಚಿಕ್ಕ ಜೋಡಿ 57, ಅದಕ್ಕಿಂತ ಜಾಸ್ತಿಯೂ ಇರಲಾರರು. 312 − 192 = 120, ಅದಕ್ಕೆ 42 ಕೂಡಿಸಿದರೆ 162, 57 ಕೂಡಿಸಿದರೆ 177. ಇವನ್ನು 200ರಿಂದ ಕಳೆದರೆ ಏನೂ ಬಾರದವರು 23ರಿಂದ 38ರ ಒಳಗೆ ಎಲ್ಲೋ ಇದ್ದಾರೆ. ಅಂದಾಜಿಗೆ ಅಷ್ಟೇ ಸಾಕಾಗುವ ಸಂದರ್ಭವೂ ಇರುತ್ತದೆ.

ಇನ್ನು ಆ 37ರ ರಾಶಿ. ಅದನ್ನು ಒಂದೊಂದೇ ತಿರುವಿ ನೋಡಿದಾಗ ಸೂತ್ರ ಹೇಳದ ಸಂಗತಿಗಳು ಕಂಡವು. ಒಂಬತ್ತು ಫಾರಂಗಳ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ "ಮನೆಯಲ್ಲಿ ಇರಲಿಲ್ಲ" ಅಂತ ಬರೆದಿತ್ತು. ಅವರನ್ನು ಯಾರೂ ಕೇಳಿಯೇ ಇಲ್ಲ! ಕೇಳದವರನ್ನು ಬಾರದವರು ಅನ್ನುವುದು ಹೇಗೆ? ಹಾಗಾಗಿ ನಮ್ಮ ಒಟ್ಟು 200 ಅಲ್ಲ, 191. ಉಳಿದದ್ದು 28. ಅದರಲ್ಲಿ 12 ಜನ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವವರು. ಅವರು ಹಿಂದಿ, ಬಂಗಾಳಿ ಚೆನ್ನಾಗಿ ಓದುತ್ತಾರೆ. ಐವರು ವಯಸ್ಸಾದ ಹೆಂಗಸರು ಅರಬಿ ಅಕ್ಷರ ಓದುವವರು. "ಕುರಾನ್ ದಿನಾ ಓದ್ತೇನೆ, ನಿನ್ನ ಕಾಗದದಲ್ಲಿ ಅದಕ್ಕೆ ಜಾಗ ಇಲ್ವಾ ಮಗಾ?" ಅಂತ ಒಬ್ಬರು ಉಮ್ಮ ಕೇಳಿದ್ದರಂತೆ. ನಿಜವಾಗಿ ಅಕ್ಷರವೇ ಬಾರದವರು 11. ಸಭೆಯ ಪುಸ್ತಕದಲ್ಲಿ ನಾನು 37 ಜನರನ್ನು "ಓದು ಬಾರದವರು" ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ "ಈ ಮೂರು ಭಾಷೆ ಓದದವರು 28" ಎಂದು ತಿದ್ದಿದೆ. ಗಣಗಳ ಪಾಠದಲ್ಲಿ ಇಂಥ ಲೆಕ್ಕಕ್ಕೆ ಚಿತ್ರ ಬರೆಯುವಾಗ ಒಂದು ಚೌಕಟ್ಟಿನೊಳಗೆ ಭಾಷೆಗೊಂದರಂತೆ ವೃತ್ತ ಎಳೆಯುತ್ತಾರೆ. ಆ ವೃತ್ತಗಳ ಹೊರಗೆ ಇರುವ ಜಾಗಕ್ಕೆ ಸ್ವಂತ ಅರ್ಥ ಇಲ್ಲ. ಯಾವ ಮೂರು ವೃತ್ತ ಎಳೆದಿರಿ, ಸುತ್ತ ಚೌಕಟ್ಟು ಎಲ್ಲಿ ಹಾಕಿದಿರಿ ಅನ್ನುವುದರ ಮೇಲೆ ಅದು ನಿಂತಿದೆ.

ಕಂಪ್ಯೂಟರಿಗೆ ಹಾಕುವಾಗಲೂ ಇದೇ ಎಚ್ಚರ ಬೇಕಾಯಿತು. ಬಂದರೆ 1, ಬಾರದಿದ್ದರೆ 0, ಕೇಳದಿದ್ದರೆ ಖಾಲಿ ಎಂದು ಹಾಕಿದೆವು. ಮೂರು ಭಾಷೆಗೆ B, C, D ಕಾಲಂ. ಆಮೇಲೆ ಮೂರರಲ್ಲೂ 0 ಇರುವವರನ್ನು ಎಣಿಸಲು ಈ ಸಾಲು:

```
=COUNTIFS(B2:B201,0,C2:C201,0,D2:D201,0)
```

ಇದು ಖಾಲಿ ಬಿಟ್ಟದ್ದನ್ನು 0 ಎಂದು ಎಣಿಸುವುದಿಲ್ಲ. ಹಾಗಾಗಿ ನೇರವಾಗಿ 28 ಬಂತು. ಖಾಲಿ ಜಾಗಕ್ಕೂ 0 ತುಂಬಿಸಿದ್ದರೆ ಪುನಃ 37 ಬರುತ್ತಿತ್ತು.

ಪೇಪರಿನ ಜಗಳ ಮುಗಿದದ್ದು ಇಂಗ್ಲಿಷಿನ ಆ ಒಂದು ಫಾರಂನಿಂದ. 77 ಜನ ಇಂಗ್ಲಿಷ್ ಓದುತ್ತಾರೆ, ಎರಡು ಪೇಪರು ಬೇಕು ಅನ್ನುವವರಿದ್ದರು. ಆದರೆ ಇಂಗ್ಲಿಷ್ ನಿಲ್ಲಿಸಿದರೆ ಓದಲಿಕ್ಕೆ ಏನೂ ಇಲ್ಲದೆ ಉಳಿಯುವವನು ಒಬ್ಬನೇ. ಗಲ್ಫಿನಲ್ಲಿ ಶಾಲೆ ಕಲಿತು ಬಂದ ಹುಡುಗ. ಒಂದು ಇಂಗ್ಲಿಷ್ ಪೇಪರು ಸಾಕು ಅಂತಾಯಿತು. ಉಳಿದ ದುಡ್ಡಿಗೆ ಕೋರೆಯವರಿಗಾಗಿ ಒಂದು ಹಿಂದಿ ಪತ್ರಿಕೆ ಬಂತು.

ಮುಂದಿನ ಸಲಕ್ಕೆ ಫಾರಂನಲ್ಲಿ ಹಿಂದಿಗೂ ಒಂದು ಚೌಕ ಸೇರಿಸಿದ್ದೇನೆ. ಚಿತ್ರ ಬರೆಯಲು ಕೂತರೆ ನಾಲ್ಕು ವೃತ್ತ ಹೇಗೆ ಎಳೆದರೂ ಹೊರಗಿನದ್ದೂ ಸೇರಿ 14 ಭಾಗಕ್ಕಿಂತ ಹೆಚ್ಚಾಗುವುದಿಲ್ಲ, ಬೇಕಾದದ್ದು 16. ಹಾಗಾಗಿ ಪುನಃ ರಾಶಿಯೇ ಗತಿ. ಬೆಂಚು ಸಾಲದು, ಪಕ್ಕದ ಅಂಗನವಾಡಿಯಿಂದ ಎರಡು ಕೇಳಿದ್ದೇನೆ.